ತನ್ನ ಮೇಲೇ ನಿಂತ ಬಡ್ಡಿ

ಒಂದು ವರ್ಷದ ಬಡ್ಡಿ ಎಷ್ಟೆಂದು ತಿಳಿಯಲು ಆ ವರ್ಷ ಸಾಲದ ಬಾಕಿ ಎಷ್ಟಿತ್ತು ಎಂದು ಗೊತ್ತಿರಬೇಕು. ಬಾಕಿ ತಿಳಿಯಲು ವರ್ಷದಲ್ಲಿ ಎಷ್ಟು ಅಸಲು ತೀರಿತು ಎಂದು ಗೊತ್ತಿರಬೇಕು. ಅಸಲಿಗೆ ಎಷ್ಟು ಹಣ ಹೋಯಿತು ಎನ್ನುವುದು ಬಡ್ಡಿ ಕಟ್ಟಿದ ಮೇಲೆ ಕೈಯಲ್ಲಿ ಎಷ್ಟು ಉಳಿಯಿತು ಎನ್ನುವುದರ ಮೇಲೆ ನಿಂತಿದೆ. ಅಂದರೆ ಬಡ್ಡಿ ಗೊತ್ತಾಗದೆ ಬಡ್ಡಿ ಗೊತ್ತಾಗುವುದಿಲ್ಲ. ಬ್ಯಾಂಕಿಗೆ ಕೊಡುವ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಐದಾರು ವರ್ಷದ ಮುನ್ನಂದಾಜು ಹಾಕಲು ಕೂತವರೆಲ್ಲ ಒಂದಲ್ಲ ಒಂದು ದಿನ ಈ ಸುತ್ತಿನಲ್ಲಿ ಸಿಕ್ಕಿಕೊಂಡಿರುತ್ತಾರೆ.

ಗೇರುಬೀಜ ಸಂಸ್ಕರಿಸುವ ಒಂದು ಸಣ್ಣ ಕಾರ್ಖಾನೆಯನ್ನು ಊಹಿಸಿಕೊಳ್ಳೋಣ. ವರ್ಷದ ಆರಂಭದಲ್ಲಿ ಅದಕ್ಕೆ 100 ಲಕ್ಷ ರೂಪಾಯಿ ಸಾಲವಿದೆ. ಬಡ್ಡಿ ಕಟ್ಟುವ ಮುನ್ನ ವರ್ಷವಿಡೀ ಕೈಗೆ ಬರುವ ಹಣ 40 ಲಕ್ಷ. ಬಡ್ಡಿ ಕಳೆದು ಉಳಿದದ್ದೆಲ್ಲವೂ ಅಸಲಿಗೆ ಹೋಗಬೇಕು ಎಂದು ಕರಾರು. ಬಡ್ಡಿ ದರ ಶೇಕಡ 12. ಸಾಲ ವರ್ಷದುದ್ದಕ್ಕೂ ನಿಧಾನವಾಗಿ ಇಳಿಯುವುದರಿಂದ, ಆರಂಭದ ಬಾಕಿ ಮತ್ತು ಕೊನೆಯ ಬಾಕಿಯ ಸರಾಸರಿಯ ಮೇಲೆ ಬಡ್ಡಿ ಲೆಕ್ಕ ಹಾಕುವುದು ರೂಢಿ. ತೆರಿಗೆಯನ್ನು ಸದ್ಯಕ್ಕೆ ಪಕ್ಕಕ್ಕಿಡೋಣ. ಎಕ್ಸೆಲ್ ಶೀಟಿನಲ್ಲಿ ಇಷ್ಟೇ ಐದು ಸಾಲು:

```
B1  100
B2  40
B3  12%
B4  =B1-(B2-B5)
B5  =AVERAGE(B1,B4)*B3
```

B4 ಎಂದರೆ ವರ್ಷಾಂತ್ಯದ ಬಾಕಿ, B5 ಎಂದರೆ ಬಡ್ಡಿ. ನಾಲ್ಕನೆಯ ಸಾಲು ಐದನೆಯದನ್ನು ಕೇಳುತ್ತದೆ, ಐದನೆಯದು ನಾಲ್ಕನೆಯದನ್ನು ಕೇಳುತ್ತದೆ. ಎಂಟರ್ ಒತ್ತಿದ ಕೂಡಲೇ ಎಕ್ಸೆಲ್ ಎಚ್ಚರಿಕೆ ಕೊಡುತ್ತದೆ: ನಿಮ್ಮ ಫಾರ್ಮುಲಾ ಸುತ್ತಿಬಂದು ತನ್ನನ್ನೇ ಉಲ್ಲೇಖಿಸುತ್ತಿದೆ. ಕೋಶದಲ್ಲಿ ಸೊನ್ನೆ ಕಾಣಿಸುತ್ತದೆ.

ಇಲ್ಲಿ ತಪ್ಪೇನೂ ಆಗಿಲ್ಲ ಎನ್ನುವುದನ್ನು ಮೊದಲು ಮನಗಾಣಬೇಕು. ಪ್ರಶ್ನೆಗೆ ಉತ್ತರವಿದೆ. ಅದು ಒಂದೇ ಹೆಜ್ಜೆಯಲ್ಲಿ ಸಿಗುವುದಿಲ್ಲ, ಅಷ್ಟೆ. ಬಡ್ಡಿ ಸೊನ್ನೆ ಎಂದೇ ಒಂದು ಕ್ಷಣ ಇಟ್ಟುಕೊಳ್ಳಿ. ಆಗ ವರ್ಷಾಂತ್ಯದ ಬಾಕಿ 60 ಲಕ್ಷ, ಸರಾಸರಿ 80 ಲಕ್ಷ, ಅದರ ಮೇಲೆ ಶೇಕಡ 12 ಎಂದರೆ 9.6 ಲಕ್ಷ. ಈ 9.6 ಲಕ್ಷವನ್ನು ಮತ್ತೆ ಬಡ್ಡಿಯ ಜಾಗದಲ್ಲಿ ಕೂರಿಸಿದರೆ ಹೊಸ ಬಡ್ಡಿ 10.176 ಬರುತ್ತದೆ. ಅದನ್ನು ಕೂರಿಸಿದರೆ 10.2106, ಮತ್ತೆ ಕೂರಿಸಿದರೆ 10.2126, ಆಮೇಲೆ 10.2128. ಇನ್ನು ಎಷ್ಟು ಸಲ ಸುತ್ತಿದರೂ ನಾಲ್ಕನೆಯ ದಶಮಾಂಶದವರೆಗೆ ಸಂಖ್ಯೆ ಕದಲುವುದಿಲ್ಲ. ಬಡ್ಡಿ 10,21,277 ರೂಪಾಯಿ. ಹಾಕಿದ ಸಂಖ್ಯೆಯೂ ಹೊರಬಂದ ಸಂಖ್ಯೆಯೂ ಒಂದೇ ಆಗುವ ಇಂಥ ನೆಲೆಯನ್ನು ಗಣಿತದಲ್ಲಿ ಸ್ಥಿರಬಿಂದು ಎನ್ನುತ್ತಾರೆ.

ಈ ಉಪಾಯ ಕಂಪ್ಯೂಟರಿಗಿಂತ ಬಹಳ ಹಳೆಯದು. ಗ್ರಹಣ ಎಷ್ಟು ಹೊತ್ತು ಇರುತ್ತದೆ ಎಂದು ಲೆಕ್ಕ ಹಾಕಲು ಗ್ರಹಣ ಹಿಡಿಯುವ ಗಳಿಗೆಯಲ್ಲಿ ಚಂದ್ರ ಕ್ರಾಂತಿವೃತ್ತದಿಂದ ಎಷ್ಟು ದೂರದಲ್ಲಿದ್ದಾನೆ ಎಂದು ಗೊತ್ತಿರಬೇಕು. ಆದರೆ ಗ್ರಹಣ ಎಷ್ಟು ಹೊತ್ತು ಎಂದು ತಿಳಿಯದೆ ಹಿಡಿಯುವ ಗಳಿಗೆ ತಿಳಿಯುವುದಿಲ್ಲ. ಸೂರ್ಯಸಿದ್ಧಾಂತದ ಪರಂಪರೆಯ ಜ್ಯೋತಿಷಿಗಳು ಒಂದು ಅಂದಾಜಿನಿಂದ ಹೊರಟು, ಬಂದ ಉತ್ತರವನ್ನೇ ಮತ್ತೆ ಒಳಗೆ ಹಾಕಿ, ಬೆಲೆ ನಿಲ್ಲುವವರೆಗೂ ಲೆಕ್ಕವನ್ನು ಪುನರಾವರ್ತಿಸುತ್ತಿದ್ದರು. ಇದಕ್ಕೆ ಅಸಕೃತ್ ವಿಧಾನವೆಂದು ಹೆಸರು. ಇಂಥ ಪುನರಾವರ್ತನೆ ಯಾವಾಗ ಒಂದೇ ಒಂದು ಉತ್ತರಕ್ಕೆ ಬಂದು ನಿಲ್ಲುತ್ತದೆ ಎನ್ನುವುದಕ್ಕೆ ಪೋಲೆಂಡಿನ ಗಣಿತಜ್ಞ ಸ್ಟೆಫಾನ್ ಬಾನಾಖ್ 1922ರಲ್ಲಿ ಪ್ರಕಟಿಸಿದ ಪ್ರಮೇಯ ಖಚಿತವಾದ ಶರತ್ತನ್ನು ಕೊಟ್ಟಿತು: ಯಾವುದೇ ಎರಡು ಅಂದಾಜುಗಳ ನಡುವಿನ ಅಂತರ ಪ್ರತಿ ಸುತ್ತಿನಲ್ಲೂ ಒಂದಕ್ಕಿಂತ ಕಡಿಮೆಯಾದ ಒಂದು ನಿಗದಿತ ಪ್ರಮಾಣಕ್ಕೆ ಕುಗ್ಗಬೇಕು.

ನಮ್ಮ ಕಾರ್ಖಾನೆಯ ಲೆಕ್ಕದಲ್ಲಿ ಆ ಪ್ರಮಾಣ 0.06, ಅಂದರೆ ಬಡ್ಡಿ ದರದ ಅರ್ಧ. ಅರ್ಧ ಏಕೆಂದರೆ, ಹೆಚ್ಚುವರಿ ಬಡ್ಡಿಯ ಒಂದು ರೂಪಾಯಿ ವರ್ಷಾಂತ್ಯದ ಬಾಕಿಯನ್ನು ಒಂದು ರೂಪಾಯಿ ಏರಿಸುತ್ತದೆ, ಸರಾಸರಿಯನ್ನು ಮಾತ್ರ ಐವತ್ತು ಪೈಸೆ. ಅದರ ಮೇಲಿನ ಶೇಕಡ 12 ಎಂದರೆ ಆರು ಪೈಸೆ. ಪ್ರತಿ ಸುತ್ತಿಗೂ ದೋಷ ಹದಿನಾರು ಹದಿನೇಳರಲ್ಲಿ ಒಂದು ಪಾಲಿಗೆ ಇಳಿಯುವುದರಿಂದ ನಾಲ್ಕೈದು ಸುತ್ತಿನಲ್ಲೇ ಕೆಲಸ ಮುಗಿಯುತ್ತದೆ. ಈ ಸುತ್ತು ಹತೋಟಿ ತಪ್ಪಬೇಕಾದರೆ ಬಡ್ಡಿ ದರ ಶೇಕಡ 200 ದಾಟಬೇಕು.

ಎಕ್ಸೆಲ್ ಈ ಪುನರಾವರ್ತನೆಯನ್ನು ತಾನೇ ಮಾಡಬಲ್ಲದು. File → Options → Formulas ಎಂಬಲ್ಲಿಗೆ ಹೋಗಿ Enable iterative calculation ಎಂಬ ಚೌಕಕ್ಕೆ ಟಿಕ್ ಹಾಕಬೇಕು. ಅದರ ಕೆಳಗೇ ಎರಡು ಸಂಖ್ಯೆಗಳಿವೆ: Maximum Iterations 100, Maximum Change 0.001. ನೂರು ಸುತ್ತು ಮುಗಿಯುವವರೆಗೆ ಅಥವಾ ಒಂದು ಸುತ್ತಿನಿಂದ ಇನ್ನೊಂದಕ್ಕೆ ಆಗುವ ಬದಲಾವಣೆ 0.001ಕ್ಕಿಂತ ಕಡಿಮೆ ಆಗುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಲೆಕ್ಕ ಸುತ್ತುತ್ತದೆ. ಟಿಕ್ ಹಾಕಿ OK ಒತ್ತಿದರೆ ಎಚ್ಚರಿಕೆ ಮಾಯವಾಗಿ B5ರಲ್ಲಿ 10.2128 ಮೂಡುತ್ತದೆ. ಬಹಳ ಮಂದಿ ಇಲ್ಲಿಗೆ ಕೆಲಸ ಮುಗಿಯಿತೆಂದು ಮುಂದೆ ಹೋಗುತ್ತಾರೆ. ನನ್ನ ಮಟ್ಟಿಗೆ ನಿಜವಾದ ಲೆಕ್ಕಪರಿಶೋಧನೆ ಇಲ್ಲಿಂದ ಶುರುವಾಗಬೇಕು.

ಸಣ್ಣದರಿಂದ ಆರಂಭಿಸೋಣ. ಆ 0.001 ಎಂಬುದಕ್ಕೆ ಏಕಮಾನವಿಲ್ಲ. ಶೀಟು ರೂಪಾಯಿಯಲ್ಲಿದ್ದರೆ ಅದು ಪೈಸೆಯ ಹತ್ತನೆಯ ಒಂದು ಭಾಗ. ಲಕ್ಷದಲ್ಲಿದ್ದರೆ ನೂರು ರೂಪಾಯಿ. ಕೋಟಿಯಲ್ಲಿದ್ದರೆ ಹತ್ತು ಸಾವಿರ ರೂಪಾಯಿ. ನಮ್ಮ ಲೆಕ್ಕವನ್ನೇ ಕೋಟಿಯಲ್ಲಿ ಬರೆದು ಸೊನ್ನೆಯಿಂದ ಶುರುಮಾಡಿದರೆ ಬಡ್ಡಿ 0.096, 0.10176, 0.1021056 ಎಂದು ಸಾಗುತ್ತದೆ. ಕೊನೆಯ ಎರಡರ ನಡುವಿನ ವ್ಯತ್ಯಾಸ 0.001ಕ್ಕಿಂತ ಕಡಿಮೆ ಆದ್ದರಿಂದ ಅಲ್ಲೇ ನಿಲ್ಲಲು ಅವಕಾಶವಿದೆ. ನಿಂತರೆ ಉತ್ತರ ಸುಮಾರು 220 ರೂಪಾಯಿ ಕಡಿಮೆ. ಮೊತ್ತ ಅಲ್ಪವೇ ಇರಬಹುದು, ಆದರೆ ಆಸ್ತಿ-ಹೊಣೆ ಪಟ್ಟಿಯ ಎರಡು ಬದಿ ತಾಳೆಯಾಗದಿದ್ದಾಗ ಜನ ರಾತ್ರಿಯಿಡೀ ಹುಡುಕುವುದು ಇಂಥ ಇನ್ನೂರಿಪ್ಪತ್ತು ರೂಪಾಯಿಗಳನ್ನೇ.

ಇದಕ್ಕಿಂತ ಗಂಭೀರವಾದದ್ದು, ಸಂಖ್ಯೆ ಸ್ಥಿರವಾಗಿ ನಿಂತ ಮಾತ್ರಕ್ಕೆ ಅದು ಸರಿ ಎಂದು ನಂಬುವುದು. B4ರ ಫಾರ್ಮುಲಾದಲ್ಲಿ ಒಂದೇ ಒಂದು ಚಿಹ್ನೆ ತಪ್ಪಿತು ಎಂದುಕೊಳ್ಳಿ. `=B1-(B2-B5)` ಬದಲು `=B1-(B2+B5)` ಎಂದು ಬಿತ್ತು. ಈಗ ಬಡ್ಡಿ ಕಟ್ಟಿದಷ್ಟೂ ಸಾಲ ಕಡಿಮೆಯಾಗುತ್ತದೆ, ಇದು ಅಸಂಬದ್ಧ. ಸುತ್ತು ಮಾತ್ರ ಚೆನ್ನಾಗಿಯೇ ನಡೆಯುತ್ತದೆ: 9.6, 9.024, 9.0586, 9.0565, ಕೊನೆಗೆ 9.0566. ನಿಜವಾದ ಬಡ್ಡಿಗಿಂತ 1.15 ಲಕ್ಷಕ್ಕೂ ಹೆಚ್ಚು ಕಡಿಮೆಯಾದ ಸಂಖ್ಯೆಯೊಂದು ಅಷ್ಟೇ ಶಾಂತವಾಗಿ ಕೂತಿರುತ್ತದೆ. ಸುತ್ತಿಲ್ಲದ ಶೀಟಿನಲ್ಲಿ ಫಾರ್ಮುಲಾಗಳನ್ನು ಮೇಲಿನಿಂದ ಕೆಳಗೆ ಒಂದೊಂದಾಗಿ ಕೈಲೆಕ್ಕದಲ್ಲಿ ತಾಳೆ ನೋಡಬಹುದು. ಸುತ್ತಿದ್ದಲ್ಲಿ ಎಲ್ಲಿಂದ ಶುರುಮಾಡಬೇಕೆಂಬುದೇ ಗೊತ್ತಾಗುವುದಿಲ್ಲ, ಏಕೆಂದರೆ ಅದಕ್ಕೆ ತುದಿಯೇ ಇಲ್ಲ.

ಈಗ ನನಗೆ ಅತ್ಯಂತ ಮುಖ್ಯವೆನಿಸುವ ಸಂಗತಿಗೆ ಬರುತ್ತೇನೆ. ಸಾಲದ ಕರಾರುಗಳಲ್ಲಿ ಮೆಟ್ಟಿಲು ದರಗಳಿರುತ್ತವೆ. ನಮ್ಮ ಕಾರ್ಖಾನೆಯ ಬ್ಯಾಂಕು ಹೀಗೆ ಹೇಳಿತು ಎಂದುಕೊಳ್ಳಿ: ವರ್ಷಾಂತ್ಯದ ಬಾಕಿ 70 ಲಕ್ಷಕ್ಕಿಂತ ಕೆಳಗಿಳಿದರೆ ಆ ವರ್ಷಕ್ಕೆ ದರ ಶೇಕಡ 11, ಇಲ್ಲವಾದರೆ ಶೇಕಡ 12. ಶೀಟಿನಲ್ಲಿ ಬದಲಾಗುವುದು ಒಂದೇ ಸಾಲು:

```
B3  =IF(B4<70,11%,12%)
```

ಹೊಸದಾಗಿ ತೆರೆದ ಶೀಟಿನಲ್ಲಿ ಬಡ್ಡಿ ಸೊನ್ನೆಯಿಂದ ಹೊರಡುತ್ತದೆ. ಬಾಕಿ 60 ಲಕ್ಷ, ಅದು 70ಕ್ಕಿಂತ ಕಡಿಮೆ, ಆದ್ದರಿಂದ ದರ ಶೇಕಡ 11. ಸುತ್ತು ಮುಗಿದಾಗ ಬಡ್ಡಿ 9.3122 ಲಕ್ಷ, ಬಾಕಿ 69.3122 ಲಕ್ಷ. ಶರತ್ತು ಪೂರೈಸಿದೆ, ಎಲ್ಲವೂ ತಾಳೆಯಾಗುತ್ತದೆ. ಈಗ ಯಾರೋ ಬಂದು, ಆದಾಯ ಸ್ವಲ್ಪ ಕಡಿಮೆಯಾದರೆ ಏನಾಗುತ್ತದೆ ನೋಡೋಣ ಎಂದು B2ರಲ್ಲಿ 40 ಅಳಿಸಿ 38 ಬರೆಯುತ್ತಾರೆ. ಬಾಕಿ 70 ದಾಟುತ್ತದೆ, ದರ ಶೇಕಡ 12ಕ್ಕೆ ಏರುತ್ತದೆ, ಬಡ್ಡಿ 10.3404 ಆಗಿ ನಿಲ್ಲುತ್ತದೆ. ಸರಿ, ನೋಡಿಯಾಯಿತು. ಮತ್ತೆ 38 ಅಳಿಸಿ 40 ಬರೆಯುತ್ತಾರೆ. ಬಡ್ಡಿ 9.3122ಕ್ಕೆ ಮರಳಬೇಕಲ್ಲವೇ? ಮರಳುವುದಿಲ್ಲ. 10.2128ಕ್ಕೆ ಬಂದು ನಿಲ್ಲುತ್ತದೆ.

ಏನಾಯಿತೆಂದರೆ, ಹಿಂದಿನ 10.34 ಲಕ್ಷ ಬಡ್ಡಿ ಕೋಶದಲ್ಲಿ ಹಾಗೇ ಕೂತಿತ್ತು. ಸುತ್ತು ಸೊನ್ನೆಯಿಂದ ಹೊರಡದೆ ಅಲ್ಲಿಂದ ಹೊರಟಿತು. 40 ಲಕ್ಷ ಆದಾಯದಲ್ಲಿ 10.34 ಬಡ್ಡಿ ಎಂದರೆ ಬಾಕಿ 70.34, ಅದು ಇನ್ನೂ 70ರ ಮೇಲೆ, ದರ ಶೇಕಡ 12. ಆ ದರದಲ್ಲಿ ಬಡ್ಡಿ 10.2128, ಬಾಕಿ 70.2128. ಇಲ್ಲೂ ಎಲ್ಲವೂ ತಾಳೆಯಾಗುತ್ತದೆ! ಈ ಸಮೀಕರಣಕ್ಕೆ ಸ್ಥಿರಬಿಂದುಗಳು ಎರಡು, ಎರಡೂ ಕರಾರಿಗೆ ಬದ್ಧ. ದರ ಹೆಚ್ಚಿದ್ದರೆ ಬಾಕಿ ಹೆಚ್ಚುತ್ತದೆ, ಬಾಕಿ ಹೆಚ್ಚಿದ್ದರಿಂದ ದರ ಹೆಚ್ಚೇ ಉಳಿಯುತ್ತದೆ. ದರ ಕಡಿಮೆಯಿದ್ದರೆ ಬಾಕಿ ಕಡಿಮೆ, ಆದ್ದರಿಂದ ದರ ಕಡಿಮೆಯೇ. ಮೆಟ್ಟಿಲಿನ ಜಾಗದಲ್ಲಿ ಬಾನಾಖರ ಶರತ್ತು ಮುರಿದುಬಿದ್ದಿದೆ. 70ರ ಎರಡು ಬದಿಯಲ್ಲಿರುವ ಎರಡು ಹತ್ತಿರದ ಅಂದಾಜುಗಳು ಮುಂದಿನ ಸುತ್ತಿನಲ್ಲಿ ಹತ್ತಿರವಾಗುವ ಬದಲು ದೂರ ಸರಿಯುತ್ತವೆ.

ಒಂದೇ ಫೈಲು, ಒಂದೇ ದತ್ತಾಂಶ, ಎರಡು ಉತ್ತರ, ನಡುವಿನ ವ್ಯತ್ಯಾಸ ಸುಮಾರು 90,060 ರೂಪಾಯಿ. ಯಾವ ಉತ್ತರ ಕಾಣುತ್ತದೆ ಎನ್ನುವುದನ್ನು ತೀರ್ಮಾನಿಸುವುದು ಆ ಫೈಲಿನಲ್ಲಿ ಈ ಹಿಂದೆ ಯಾರು ಏನು ಬೆರಳಚ್ಚಿಸಿದ್ದರು ಎಂಬ ಚರಿತ್ರೆ. ಆ ಚರಿತ್ರೆ ಯಾವ ಕೋಶದಲ್ಲೂ ದಾಖಲಾಗಿಲ್ಲ. ಲೆಕ್ಕದ ಹಾಳೆಯೊಂದರಿಂದ ನಾವು ನಿರೀಕ್ಷಿಸುವ ಕನಿಷ್ಠ ಗುಣವೆಂದರೆ ಅದೇ ಸಂಖ್ಯೆಗಳನ್ನು ಕೊಟ್ಟರೆ ಅದೇ ಉತ್ತರ ಬರಬೇಕು. ಅದೇ ಇಲ್ಲಿ ಕಳೆದುಹೋಗಿದೆ. ಶೇಕಡ 12ರ ಸಾದಾ ಲೆಕ್ಕದಲ್ಲಿ ಈ ಅಪಾಯವಿರಲಿಲ್ಲ. ಸುತ್ತಿನೊಳಗೆ ಒಂದು `IF` ಸೇರಿದ್ದೇ ಸಾಕಾಯಿತು. ಉಳಿದ ಹಣ ಇಷ್ಟಕ್ಕಿಂತ ಹೆಚ್ಚಿದ್ದರೆ ಮಾತ್ರ ಮುಂಗಡವಾಗಿ ಅಸಲು ಕಟ್ಟಬೇಕು, ಸಾಲ ತೀರಿಸುವ ಸಾಮರ್ಥ್ಯದ ಅನುಪಾತ ಇಷ್ಟಿದ್ದರೆ ಮಾತ್ರ ಲಾಭಾಂಶ ಹಂಚಬೇಕು ಎಂಬಂಥ ಶರತ್ತುಗಳೆಲ್ಲ ಇದೇ ಜಾತಿಯವು.

ಸುತ್ತಿಗೆ ನೆನಪಿದೆ ಎಂಬ ಇದೇ ಗುಣದಿಂದ ಇನ್ನೊಂದು ತೊಂದರೆ ಹುಟ್ಟುತ್ತದೆ, ಇದು ಬಳಸುವವರಿಗೆಲ್ಲ ಪರಿಚಿತ. B2ರಲ್ಲಿ 40 ಎಂದು ಬರೆಯುವ ಬದಲು ಯಾರೋ “40 ಲಕ್ಷ” ಎಂದು ಅಕ್ಷರ ಸೇರಿಸಿದರು. B4ರಲ್ಲಿ `#VALUE!` ಬಂತು, ಅದನ್ನು ಓದಿದ B5ರಲ್ಲೂ ಬಂತು. ತಪ್ಪು ಗೊತ್ತಾಗಿ 40 ಎಂದು ತಿದ್ದಿದರೂ `#VALUE!` ಹೋಗುವುದಿಲ್ಲ. ಏಕೆಂದರೆ B4 ಈಗ B5ರಲ್ಲಿರುವ ದೋಷವನ್ನು ಓದುತ್ತಿದೆ, B5 ತಿರುಗಿ B4ರದನ್ನು. ಹತ್ತು ವರ್ಷದ ಮುನ್ನಂದಾಜಿನ ಶೀಟಾದರೆ ದೋಷ ಎಲ್ಲ ಪುಟಗಳಿಗೂ ಹಬ್ಬಿರುತ್ತದೆ. ಇದಕ್ಕಾಗಿ ಅನುಭವಿಗಳು ಸುತ್ತಿನಲ್ಲಿ ಒಂದು ಸ್ವಿಚ್ ಇಡುತ್ತಾರೆ:

```
B5  =IF(B6=1,AVERAGE(B1,B4)*B3,0)
```

B6ರಲ್ಲಿ 0 ಬರೆದರೆ ಸುತ್ತು ಕಡಿಯುತ್ತದೆ, ಬಡ್ಡಿ ಸೊನ್ನೆಯಾಗಿ ದೋಷ ತೊಳೆದುಹೋಗುತ್ತದೆ. ಮತ್ತೆ 1 ಬರೆದರೆ ಲೆಕ್ಕ ಸೊನ್ನೆಯಿಂದ ಹೊಸದಾಗಿ ಹೊರಡುತ್ತದೆ. ಈ ಸ್ವಿಚ್ ಇಲ್ಲದ ಸುತ್ತನ್ನು ಯಾರಿಗೂ ಕೊಡಬಾರದು. ಕೆಲವರು ಸ್ವಿಚ್ಚಿನ ಬದಲು `IFERROR` ಹಾಕಿ ದೋಷವನ್ನು ತಾನಾಗಿ ಸೊನ್ನೆ ಮಾಡಿಸುತ್ತಾರೆ. ಅದು ಕೆಟ್ಟ ಸಲಹೆ. ದೋಷ ಬಂದದ್ದೇ ಗೊತ್ತಾಗದೆ, ಬಡ್ಡಿಯೇ ಇಲ್ಲದ ಲಾಭ ಹಾಳೆಯಲ್ಲಿ ಮೂಡುವ ಸಾಧ್ಯತೆ ಉಂಟು.

ಇಷ್ಟೆಲ್ಲ ನಾವು ಬೇಕೆಂದೇ ಇಟ್ಟ ಸುತ್ತಿನ ಮಾತಾಯಿತು. ಆ ಟಿಕ್ ಹಾಕಿದ ಮೇಲೆ, ಬೇಡದ ಸುತ್ತುಗಳ ಬಗ್ಗೆಯೂ ಎಕ್ಸೆಲ್ ಬಾಯಿಬಿಡುವುದಿಲ್ಲ. C2ರಿಂದ C12ರವರೆಗಿನ ಖರ್ಚು ಕೂಡಿಸಲು C13ರಲ್ಲಿ `=SUM(C2:C13)` ಎಂದು ಬರೆದುಬಿಟ್ಟರೆ ಮೊತ್ತ ತನ್ನನ್ನೇ ಕೂಡಿಕೊಳ್ಳುತ್ತ ಹೋಗಿ 5 ಲಕ್ಷದ ಖರ್ಚು ಕೋಟಿಗಳಾಗುತ್ತದೆ. F9 ಒತ್ತಿದಾಗಲೆಲ್ಲ ಇನ್ನಷ್ಟು ಬೆಳೆಯುತ್ತದೆ. ಇದು ಕಣ್ಣಿಗೆ ರಾಚುವುದರಿಂದ ಅಪಾಯ ಕಡಿಮೆ. ಭಯಪಡಬೇಕಾದದ್ದು ಸಭ್ಯವಾಗಿ ಕಾಣುವ ತಪ್ಪಿಗೆ. ಮ್ಯಾನೇಜರಿಗೆ, ಕಮಿಷನ್ ಕಳೆಯುವ ಮುಂಚಿನ 20 ಲಕ್ಷ ಲಾಭದ ಮೇಲೆ ಶೇಕಡ 10 ಕೊಡಬೇಕಿತ್ತು. ಫಾರ್ಮುಲಾ ಅಕಸ್ಮಾತ್ತಾಗಿ ಕಮಿಷನ್ ಕಳೆದ ಮೇಲಿನ ಲಾಭದ ಕೋಶಕ್ಕೆ ಹೋಯಿತು. ಬರಬೇಕಾದದ್ದು 2 ಲಕ್ಷ, ಬಂದದ್ದು 1,81,818 ರೂಪಾಯಿ. ಈ ಸಂಖ್ಯೆಯನ್ನು ನೋಡಿ ಯಾರೂ ಹುಬ್ಬೇರಿಸುವುದಿಲ್ಲ. ಟಿಕ್ ಇಲ್ಲದಿದ್ದರೆ ಎಕ್ಸೆಲ್ ಅದೇ ಕ್ಷಣ ಎಚ್ಚರಿಸುತ್ತಿತ್ತು.

ಇಲ್ಲಿ ಇನ್ನೊಂದು ತೊಡಕಿದೆ. ಈ ಸೆಟ್ಟಿಂಗ್ ಒಂದು ಫೈಲಿನದ್ದು ಎಂದು ನಾವು ತಿಳಿಯುತ್ತೇವೆ. ವಾಸ್ತವದಲ್ಲಿ ಅದು ತೆರೆದಿರುವ ಇಡೀ ಎಕ್ಸೆಲ್‌ಗೆ ಅನ್ವಯಿಸುತ್ತದೆ, ಮತ್ತು ಮೊದಲು ತೆರೆದ ಫೈಲಿನಲ್ಲಿ ಉಳಿಸಿದ್ದನ್ನೇ ಎಕ್ಸೆಲ್ ಹಿಡಿಯುತ್ತದೆ. ಬೆಳಿಗ್ಗೆ ಸುತ್ತಿರುವ ಸಾಲದ ಫೈಲನ್ನು ಮೊದಲು ತೆರೆದರೆ, ಆಮೇಲೆ ತೆರೆಯುವ ಸಂಬಳದ ಶೀಟಿನಲ್ಲೂ ಎಚ್ಚರಿಕೆ ಸತ್ತಿರುತ್ತದೆ. ಸಂಬಳದ ಶೀಟನ್ನು ಮೊದಲು ತೆರೆದು ಆಮೇಲೆ ಸಾಲದ ಫೈಲು ತೆರೆದರೆ, ನಿನ್ನೆಯವರೆಗೆ ಸರಿಯಾಗಿದ್ದ ಫೈಲು ಸುತ್ತಿನ ಎಚ್ಚರಿಕೆ ಕೊಡುತ್ತದೆ. ನೂರು ಸುತ್ತು ಮುಗಿದರೂ ಸಂಖ್ಯೆ ನಿಲ್ಲದಿದ್ದರೆ ಎಕ್ಸೆಲ್ ಅದನ್ನು ಹೇಳುವುದೂ ಇಲ್ಲ, ಕೊನೆಯ ಸಂಖ್ಯೆಯನ್ನು ತೋರಿಸಿ ಸುಮ್ಮನಾಗುತ್ತದೆ. ಈ ವಿಷಯದಲ್ಲಿ ಲಿಬ್ರೆಆಫೀಸ್ ಮೇಲು. ಉತ್ತರ ನಿಲ್ಲದಿದ್ದರೆ ಅದು `Err:523` ಎಂದು ತೋರಿಸುತ್ತದೆ.

ಹಾಗಾದರೆ ಸುತ್ತಿಲ್ಲದೆ ಈ ಬಡ್ಡಿಯನ್ನು ಹಿಡಿಯಲಾಗದೇ? ಸಾದಾ ಲೆಕ್ಕಕ್ಕೆ ಹೈಸ್ಕೂಲಿನ ಬೀಜಗಣಿತ ಸಾಕು. ಬಡ್ಡಿಯನ್ನು ಎರಡೂ ಬದಿಯಿಂದ ಒಂದೇ ಬದಿಗೆ ತಂದರೆ ಫಾರ್ಮುಲಾ ಹೀಗಾಗುತ್ತದೆ:

```
=MAX(B3*(2*B1-B2)/(2-B3), B3*B1/2)
```

ಇದರಲ್ಲಿ ವರ್ಷಾಂತ್ಯದ ಬಾಕಿಯ ಮಾತೇ ಇಲ್ಲ. 100, 40, ಶೇಕಡ 12 ಹಾಕಿದರೆ ಅದೇ 10.2128 ಒಂದೇ ಹೆಜ್ಜೆಯಲ್ಲಿ ಬರುತ್ತದೆ. `MAX` ಇಟ್ಟಿರುವುದು, ಹಣ ಧಾರಾಳವಾಗಿ ಬಂದು ಸಾಲ ಪೂರ್ತಿ ತೀರಿಹೋಗುವ ವರ್ಷಕ್ಕೆ. ಆಗ ವರ್ಷಾಂತ್ಯದ ಬಾಕಿ ಸೊನ್ನೆಯಲ್ಲಿ ನಿಲ್ಲಬೇಕು, ಸರಾಸರಿ ಆರಂಭದ ಬಾಕಿಯ ಅರ್ಧವಾಗಬೇಕು. ಕೊನೆಯ ಬಾಕಿಯ ಕೋಶವೂ ಸೊನ್ನೆಗಿಂತ ಕೆಳಗಿಳಿಯದಂತೆ ನೋಡಿಕೊಳ್ಳಬೇಕು.

ತೆರಿಗೆ, ಹಲವು ಸಾಲ, ಮೆಟ್ಟಿಲು ದರ ಎಲ್ಲ ಸೇರಿದಾಗ ಬೀಜಗಣಿತ ಕೈಮೀರುತ್ತದೆ. ಆಗ ನಾನು ಹಿಡಿಯುವ ದಾರಿ ಬೇರೆ, ಅದು ಲೆಕ್ಕದ ದೃಷ್ಟಿಯಿಂದಲೂ ಹೆಚ್ಚು ಪ್ರಾಮಾಣಿಕ. ಬ್ಯಾಂಕುಗಳು ವರ್ಷದ ಎರಡು ತುದಿಗಳ ಸರಾಸರಿಯ ಮೇಲೆ ಬಡ್ಡಿ ಹಾಕುವುದಿಲ್ಲ. ರಿಸರ್ವ್ ಬ್ಯಾಂಕಿನ ಸೂಚನೆಯಂತೆ 2002ರ ಏಪ್ರಿಲ್ 1ರಿಂದ, ಕೃಷಿ ಸಾಲಗಳನ್ನು ಬಿಟ್ಟು, ಸಾಲದ ಬಡ್ಡಿಯನ್ನು ತಿಂಗಳಿಗೊಮ್ಮೆ ಹಾಕುವ ಪದ್ಧತಿ ಬಂತು. ಹಾಗಿದ್ದಮೇಲೆ ನಾವೂ ಶೀಟನ್ನು ತಿಂಗಳುಗಳಾಗಿ ಬಿಡಿಸೋಣ. ಪ್ರತಿ ತಿಂಗಳ ಆರಂಭದ ಬಾಕಿಯ ಮೇಲೆ ಶೇಕಡ 1 ಬಡ್ಡಿ, ತಿಂಗಳ ಕೊನೆಗೆ 40 ಲಕ್ಷದ ಹನ್ನೆರಡನೆಯ ಒಂದು ಪಾಲು ಪಾವತಿ. ಆರಂಭದ ಬಾಕಿ ಮೊದಲೇ ಗೊತ್ತಿರುವುದರಿಂದ, ದರವೇ ವರ್ಷಾಂತ್ಯದ ಬಾಕಿಯ ಮೇಲೆ ನಿಂತಿರದಿದ್ದರೆ, ಸುತ್ತು ಹುಟ್ಟುವುದೇ ಇಲ್ಲ. ಹನ್ನೆರಡು ತಿಂಗಳು ಕಳೆದಾಗ ಬಡ್ಡಿ 10.41 ಲಕ್ಷ.

ಗಮನಿಸಿ: ವರ್ಷದ ಸರಾಸರಿಯ ಸುತ್ತುಲೆಕ್ಕ ಕೊಟ್ಟದ್ದು 10.21. ಬ್ಯಾಂಕು ವಾಸ್ತವವಾಗಿ ನಡೆದುಕೊಳ್ಳುವ ರೀತಿಗೆ ಹತ್ತಿರವಾದ ಲೆಕ್ಕಕ್ಕಿಂತ ಅದು ಸುಮಾರು 19,500 ರೂಪಾಯಿ ಕಡಿಮೆ. ಸರಾಸರಿ ಎಂಬುದೇ ಒಂದು ಅಂದಾಜು. ಆ ಅಂದಾಜನ್ನು ನಾಲ್ಕನೆಯ ದಶಮಾಂಶದವರೆಗೆ ಬಿಡಿಸಲು ಇಷ್ಟೆಲ್ಲ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುತ್ತಿದ್ದೇವೆ.

ಎಲ್ಲ ಸುತ್ತುಗಳೂ ಹೀಗೆ ಕರಗುವುದಿಲ್ಲ, ನಿಜ. ದೊಡ್ಡ ವಿದ್ಯುತ್ ಅಥವಾ ಹೆದ್ದಾರಿ ಯೋಜನೆಯಲ್ಲಿ ನಿರ್ಮಾಣದ ಅವಧಿಯ ಬಡ್ಡಿಯೂ ಯೋಜನಾ ವೆಚ್ಚಕ್ಕೆ ಸೇರುತ್ತದೆ, ವೆಚ್ಚದ ಶೇಕಡ 70ರಷ್ಟು ಸಾಲವಾಗುತ್ತದೆ, ಸಾಲ ಹೆಚ್ಚಿದಷ್ಟೂ ಆ ಬಡ್ಡಿ ಹೆಚ್ಚುತ್ತದೆ. ಇಲ್ಲಿ ಒಟ್ಟು ಸಾಲದ ಗಾತ್ರವೇ ಸುತ್ತಿನೊಳಗಿದೆ, ಅವಧಿಯನ್ನು ಬಿಡಿಸಿದರೂ ಹೋಗುವುದಿಲ್ಲ. ಇಂಥಲ್ಲಿ ಆರ್ಥಿಕ ಮಾದರಿಗಾರರು ಸುತ್ತನ್ನು ಒಂದು ಕಡೆ ಕಡಿದು, ಲೆಕ್ಕ ಹಾಕಿದ ಬಡ್ಡಿಯನ್ನು ಪಕ್ಕದ ಕೋಶಕ್ಕೆ ಬರಿಯ ಸಂಖ್ಯೆಯಾಗಿ ನಕಲು ಮಾಡುವ ಮ್ಯಾಕ್ರೋ ಬರೆಯುತ್ತಾರೆ. ಎರಡರ ವ್ಯತ್ಯಾಸ ಸೊನ್ನೆಯಾಗುವವರೆಗೂ ಮ್ಯಾಕ್ರೋ ನಕಲಿಸುತ್ತದೆ. ಇದೂ ಅಸಕೃತ್ ವಿಧಾನವೇ, ಆದರೆ ಸುತ್ತು ಎಲ್ಲಿದೆ, ನಿಂತಿದೆಯೇ ಇಲ್ಲವೇ ಎಂಬುದು ವ್ಯತ್ಯಾಸದ ಕೋಶದಲ್ಲಿ ಎದ್ದು ಕಾಣುತ್ತದೆ. ಉಳಿದ ಶೀಟಿನಲ್ಲಿ ಎಚ್ಚರಿಕೆಯೂ ಜೀವಂತವಾಗಿರುತ್ತದೆ. ಮ್ಯಾಕ್ರೋ ಓಡಿಸಲು ಮರೆತರೆ ಹಳೆಯ ಬಡ್ಡಿಯೇ ಉಳಿಯುತ್ತದೆ ಎಂಬುದೊಂದು ಕೊರತೆ, ವ್ಯತ್ಯಾಸದ ಕೋಶವನ್ನು ಕೆಂಪಾಗಿಸಿಟ್ಟರೆ ಅದನ್ನೂ ಹಿಡಿಯಬಹುದು.

ನಿಮ್ಮ ಕೈಗೆ ಬೇರೆಯವರ ಫೈಲು ಬಂದರೆ ಮೊದಲು ಎಕ್ಸೆಲ್ ಪೂರ್ತಿ ಮುಚ್ಚಿ, ಟಿಕ್ ಇಲ್ಲದ ಖಾಲಿ ಫೈಲೊಂದನ್ನು ತೆರೆದು, ಆಮೇಲೆ ಆ ಫೈಲನ್ನು ತೆರೆಯಿರಿ. ಸುತ್ತಿದ್ದರೆ ಎಚ್ಚರಿಕೆ ಬರುತ್ತದೆ, Formulas ಪಟ್ಟಿಯ Error Checking ಕೆಳಗಿನ Circular References ಆ ಕೋಶವನ್ನು ತೋರಿಸುತ್ತದೆ. ಅದು ಬರೆದವರು ಬೇಕೆಂದೇ ಇಟ್ಟದ್ದಾದರೆ ಸ್ವಿಚ್ ಎಲ್ಲಿದೆ ಎಂದು ಕೇಳಿ. ನಂತರ ಪುನರಾವರ್ತನೆಯನ್ನು ಚಾಲೂ ಮಾಡಿ, ಆದಾಯವನ್ನು ಸ್ವಲ್ಪ ಇಳಿಸಿ, ಮತ್ತೆ ಮೊದಲಿನ ಸಂಖ್ಯೆಯನ್ನೇ ಬರೆದು ನೋಡಿ. ಉತ್ತರ ಮೊದಲಿನ ಜಾಗಕ್ಕೆ ಮರಳದಿದ್ದರೆ ಆ ಫೈಲಿನ ಆಧಾರದ ಮೇಲೆ ಯಾರಿಗೂ ಸಾಲ ಕೊಡಬೇಡಿ, ನೀವೂ ತೆಗೆದುಕೊಳ್ಳಬೇಡಿ.